ನಕ್ಷೆಯ ಪ್ರಶ್ನೆಗೆ ನಕ್ಷೆಯಲ್ಲೇ ಉತ್ತರ



ಹೋದ ತಿಂಗಳ ಸಮಾಜ ಪರೀಕ್ಷೆಯಲ್ಲಿ ನನಗೆ ನಕ್ಷೆಯ ಭಾಗಕ್ಕೆ ಹತ್ತಕ್ಕೆ ಎರಡು ಅಂಕ ಬಂತು. ಮನೆಯಲ್ಲಿ ತೋರಿಸಲು ಎರಡು ದಿನ ಹೆದರಿಕೊಂಡಿದ್ದೆ. ಆಮೇಲೆ ಅದೇ ಹಾಳೆಯನ್ನು ಸ್ಕೇಲು, ದಾರ ಹಿಡಿದುಕೊಂಡು ಮತ್ತೆ ಮಾಡಿದೆ. ಎಲ್ಲೆಲ್ಲಿ ತಪ್ಪಿದೆ ಅಂತ ಒಂದೊಂದಾಗಿ ಗೊತ್ತಾಯ್ತು. ಬರುವ ಪರೀಕ್ಷೆಯಲ್ಲೂ ನಕ್ಷೆ ಇದೆಯೆಂದು ಮೇಷ್ಟ್ರು ಹೇಳಿದ್ದಾರೆ. ನನ್ನ ಹಾಗೆ ನೀವೂ ಬೀಳಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ನಮಗೆ ಕೊಟ್ಟಿದ್ದು ಒಂದು ಹಳ್ಳಿಯ ನಕ್ಷೆ. ಹಾಳೆಯ ನಡುವೆ ಶಾಲೆ. ಶಾಲೆಗೆ ನೇರ ಮೇಲುಗಡೆ ಕೆರೆ. ಶಾಲೆಗೆ ನೇರ ಎಡಗಡೆ ಆರೋಗ್ಯ ಉಪಕೇಂದ್ರ. ಶಾಲೆಗೂ ಉಪಕೇಂದ್ರಕ್ಕೂ ನಡುವೆ ಒಂದು ಗುಡ್ಡ. ಕೆಳಗಿನ ಮೂಲೆಯಲ್ಲಿ ಚಿಹ್ನೆಗಳ ಸೂಚಿ, ಅದರ ಪಕ್ಕ ಅಳತೆ ಪ್ರಮಾಣ, ಇನ್ನೊಂದು ಮೂಲೆಯಲ್ಲಿ ಒಂದು ಸಣ್ಣ ಬಾಣ. ಒಟ್ಟು ಐದು ಪ್ರಶ್ನೆ. ಬಾವಿಗಳನ್ನು ಎಣಿಸುವ ಪ್ರಶ್ನೆ ಮಾತ್ರ ನನಗೆ ಸರಿಯಾಯಿತು.

ಮೊದಲನೆಯ ಪ್ರಶ್ನೆ: ಶಾಲೆಯಿಂದ ಕೆರೆ ಯಾವ ದಿಕ್ಕಿನಲ್ಲಿದೆ? ಕೆರೆ ಮೇಲೆ ಇದೆಯಲ್ಲ, ಮೇಲೆ ಅಂದರೆ ಉತ್ತರ, ಅಂತ ಬರೆದುಬಿಟ್ಟೆ. ಗೋಡೆಗೆ ತೂಗುಹಾಕಿದ ಕರ್ನಾಟಕದ ಭೂಪಟದಲ್ಲಿ ಬೀದರ್ ಮೇಲಿದೆ, ಚಾಮರಾಜನಗರ ಕೆಳಗಿದೆ. ಅದನ್ನು ನೋಡಿ ನೋಡಿ ಆದ ಅಭ್ಯಾಸ ಅದು. ಆದರೆ ನಮ್ಮ ಹಾಳೆಯ ಬಾಣ ಬಲಗಡೆಗೆ ತಿರುಗಿತ್ತು, ಅದರ ತುದಿಯಲ್ಲಿ ‘ಉ’ ಎಂದು ಬರೆದಿತ್ತು. ಅಂದರೆ ಈ ನಕ್ಷೆಯಲ್ಲಿ ಬಲಗಡೆಯೇ ಉತ್ತರ. ಇದಕ್ಕೆ ಸುಲಭ ಉಪಾಯವೆಂದರೆ ತಲೆಯಲ್ಲಿ ತಿರುಗಿಸಲು ಹೋಗದೆ ಹಾಳೆಯನ್ನೇ ತಿರುಗಿಸುವುದು. ಬಾಣ ಮೇಲ್ಮುಖವಾಗುವ ತನಕ ತಿರುಗಿಸಿ. ಅಕ್ಷರಗಳು ಅಡ್ಡಬಿದ್ದರೆ ಬೀಳಲಿ. ಈಗ ಬಲಕ್ಕೆ ಪೂರ್ವ, ಎಡಕ್ಕೆ ಪಶ್ಚಿಮ, ಕೆಳಗೆ ದಕ್ಷಿಣ. ಹಾಗೆ ತಿರುಗಿಸಿದಾಗ ಮೇಲಿದ್ದ ಕೆರೆ ಎಡಕ್ಕೆ ಬಂತು. ಸರಿಯುತ್ತರ ಪಶ್ಚಿಮ.

ಎರಡನೆಯ ಪ್ರಶ್ನೆ: ಉಪಕೇಂದ್ರದಿಂದ ಶಾಲೆ ಯಾವ ದಿಕ್ಕಿನಲ್ಲಿದೆ? ಇಲ್ಲಿ ಮೋಸ ಮಾಡುವುದು ಕನ್ನಡದ ‘ಇಂದ’. ಯಾವ ಪದಕ್ಕೆ ‘ಇಂದ’ ಸೇರಿದೆಯೋ ಆ ಜಾಗದಲ್ಲಿ ನಾವು ನಿಂತಿದ್ದೇವೆ ಎಂದುಕೊಳ್ಳಬೇಕು. ನಾನು ಅಲ್ಲಿ ಬೆರಳಿಟ್ಟುಕೊಂಡು ಇನ್ನೊಂದರ ಕಡೆ ನೋಡುತ್ತೇನೆ. ತಿರುಗಿಸಿದ ಹಾಳೆಯಲ್ಲಿ ಉಪಕೇಂದ್ರ ಕೆಳಗೆ, ಶಾಲೆ ಮೇಲೆ. ಆದ್ದರಿಂದ ಉತ್ತರ. ಶಾಲೆಯಿಂದ ಉಪಕೇಂದ್ರ ಎಂದು ಕೇಳಿದ್ದರೆ ದಕ್ಷಿಣ ಆಗುತ್ತಿತ್ತು.

ಮೂರನೆಯ ಪ್ರಶ್ನೆಯಲ್ಲಿ ತರಗತಿಗೆ ತರಗತಿಯೇ ಬಿತ್ತು. ಶಾಲೆಗೂ ಉಪಕೇಂದ್ರಕ್ಕೂ ನೇರ ದೂರ ಎಷ್ಟು? ಸ್ಕೇಲಿಟ್ಟು ಅಳೆದರೆ 5 ಸೆಂ.ಮೀ. ಹಾಳೆಯಲ್ಲಿ ‘1 ಸೆಂ.ಮೀ. = 500 ಮೀಟರ್’ ಎಂದು ಬರೆದಿತ್ತು. 5ನ್ನು 500ರಿಂದ ಗುಣಿಸಿ 2500 ಮೀಟರ್, ಅಂದರೆ ಎರಡೂವರೆ ಕಿಲೋಮೀಟರ್ ಎಂದು ಎಲ್ಲರೂ ಬರೆದೆವು. ಮೂರನೇ ಬೆಂಚಿನ ಒಬ್ಬ ಹುಡುಗಿ ಮಾತ್ರ 2 ಕಿಲೋಮೀಟರ್ ಎಂದು ಬರೆದಿದ್ದಳು. ಅವಳಿಗೆ ಮಾತ್ರ ಅಂಕ ಬಂತು!

ನಮಗೆ ಸಿಟ್ಟು ಬಂತು. “ಸಾರ್, ಗುಣಾಕಾರ ಸರಿಯಾಗೇ ಇದೆಯಲ್ಲ ಸಾರ್” ಎಂದು ನಾನು ಎದ್ದು ಕೇಳಿದೆ. ಮೇಷ್ಟ್ರಿಗೂ ಆಶ್ಚರ್ಯವಾಯಿತು. ಅವರ ಹತ್ತಿರವಿದ್ದ ಮೂಲ ಹಾಳೆಯಲ್ಲಿ ಆ ದೂರ 4 ಸೆಂ.ಮೀ. ಮಾತ್ರ ಇತ್ತು. ಅವರು ಆ ಹುಡುಗಿಯನ್ನು “ನೀನು ಹೇಗಮ್ಮಾ ಮಾಡಿದೆ?” ಎಂದು ಕೇಳಿದರು. ಅವಳು ಬರೆದ ಅಕ್ಷರವನ್ನು ನೋಡಿರಲೇ ಇಲ್ಲ. ಅದರ ಕೆಳಗೆ 0, 500, 1000 ಮೀಟರ್ ಎಂದು ಗುರುತು ಹಾಕಿದ ಅಳತೆ ಪಟ್ಟಿ ಇತ್ತಲ್ಲ, ಅದನ್ನು ಅಳೆದಿದ್ದಳು. 1000 ಮೀಟರಿನ ಪಟ್ಟಿ 2.5 ಸೆಂ.ಮೀ. ಉದ್ದವಿತ್ತು. 5 ಸೆಂ.ಮೀ.ನಲ್ಲಿ ಅಂಥ ಪಟ್ಟಿ ಎರಡು ಸಲ ಹಿಡಿಸುತ್ತದೆ. ಆದ್ದರಿಂದ 2000 ಮೀಟರ್.

ಆಗಿದ್ದೇನೆಂದರೆ, ಅಕ್ಷರ ಸಣ್ಣದಾಗಿ ಕಾಣುತ್ತದೆಂದು ಹಾಳೆಯನ್ನು ಜೆರಾಕ್ಸ್ ಮಾಡುವಾಗ ದೊಡ್ಡದು ಮಾಡಿಸಿದ್ದರು. ದೊಡ್ಡದು ಮಾಡಿದರೆ ರಸ್ತೆಯೂ ಹಿಗ್ಗುತ್ತದೆ, ಕೆರೆಯೂ ಹಿಗ್ಗುತ್ತದೆ, ಅವುಗಳ ಜೊತೆ ಅಳತೆ ಪಟ್ಟಿಯೂ ಅಷ್ಟೇ ಹಿಗ್ಗುತ್ತದೆ. ಆದರೆ ‘1 ಸೆಂ.ಮೀ. = 500 ಮೀಟರ್’ ಎಂಬ ಬರಹ ಗಾತ್ರದಲ್ಲಿ ದಪ್ಪಗಾಗುತ್ತದೆಯೇ ಹೊರತು 500 ಹೋಗಿ 400 ಆಗುವುದಿಲ್ಲ. ನಮ್ಮ ಹಾಳೆಯಲ್ಲಿ ನಿಜವಾಗಿ 1 ಸೆಂ.ಮೀ.ಗೆ 400 ಮೀಟರ್ ಆಗಿತ್ತು. 1:50,000 ಎಂದು ಬರೆದಿದ್ದರೂ ಇದೇ ಕಥೆ. ಅದರ ಅರ್ಥ ನಕ್ಷೆಯ 1 ಸೆಂ.ಮೀ. ನೆಲದ ಮೇಲೆ 50,000 ಸೆಂ.ಮೀ., ಅಂದರೆ 500 ಮೀಟರ್. ಹಾಳೆ ದೊಡ್ಡದಾದರೂ ಚಿಕ್ಕದಾದರೂ ಆ ಅಂಕಿ ಸುಳ್ಳಾಗುತ್ತದೆ.

ಇದನ್ನು ಪರೀಕ್ಷಿಸಲು ಅರ್ಧ ನಿಮಿಷ ಸಾಕು. ಬರಹದಂತೆ 1000 ಮೀಟರಿನ ಪಟ್ಟಿ 2 ಸೆಂ.ಮೀ. ಇರಬೇಕು. ಸ್ಕೇಲಿಟ್ಟು ನೋಡಿ. ಇದ್ದರೆ ಎರಡರಲ್ಲಿ ಯಾವುದನ್ನು ಬಳಸಿದರೂ ಸರಿ. ಇಲ್ಲದಿದ್ದರೆ ಪಟ್ಟಿಯನ್ನೇ ನಂಬಿ. ಪಟ್ಟಿಯೇ ಇಲ್ಲದ ಜೆರಾಕ್ಸ್ ಹಾಳೆಯಾದರೆ, ಮೂಲ ಹಾಳೆ ಎಷ್ಟು ದೊಡ್ಡದಿತ್ತು ಎಂದು ಮೊದಲೇ ಮೇಷ್ಟ್ರನ್ನು ಕೇಳಬೇಕು. ನಾವಾಗಿಯೇ ಕಂಡುಹಿಡಿಯಲು ಬರುವುದಿಲ್ಲ.

ನಾಲ್ಕನೆಯ ಪ್ರಶ್ನೆ: ಶಾಲೆಯಿಂದ ಉಪಕೇಂದ್ರಕ್ಕೆ ಜೀಪಿನಲ್ಲಿ ಹೋದರೆ ಎಷ್ಟು ದೂರ? ನಕ್ಷೆಯಲ್ಲಿ ಎರಡು ದಾರಿ ಇದ್ದವು. ಒಂದು ಗುಡ್ಡದ ಮೇಲೆ ಹಾದುಹೋಗುವ ಚುಕ್ಕಿ ಚುಕ್ಕಿ ಗೆರೆ, ಇನ್ನೊಂದು ಗುಡ್ಡ ಸುತ್ತಿ ಬರುವ ಜೋಡಿ ಗೆರೆ. ನಾನು ಹತ್ತಿರದ್ದೇ ಇರಲಿ ಎಂದು ಚುಕ್ಕಿಗೆರೆ ಅಳೆದೆ. ಸೂಚಿಯಲ್ಲಿ ಚುಕ್ಕಿಗೆರೆ ಎಂದರೆ ಕಾಲುದಾರಿ, ಜೋಡಿ ಗೆರೆ ಎಂದರೆ ಡಾಂಬರು ರಸ್ತೆ ಎಂದಿತ್ತು. ಗುಡ್ಡದ ಕಾಲುದಾರಿಯಲ್ಲಿ ನಾನು ಜೀಪು ಹತ್ತಿಸಿದ್ದೆ! ಏನನ್ನು ಅಳೆಯಬೇಕು ಎಂದು ಹೇಳುವುದು ಸೂಚಿ, ಎಷ್ಟು ಎಂದು ಹೇಳುವುದು ಅಳತೆ ಪಟ್ಟಿ. ಹಾಗಾಗಿ ಸೂಚಿ ಮೊದಲು.

ಬಳಸಿ ಬರುವ ರಸ್ತೆಗೆ ಸ್ಕೇಲು ಬಾಗುವುದಿಲ್ಲ. ದಾರವನ್ನು ಒದ್ದೆ ಮಾಡದೆ, ಎಳೆಯದೆ, ರಸ್ತೆಯ ಮೇಲೆ ತಿರುವು ತಿರುವಿಗೂ ಬೆರಳಿನಿಂದ ಒತ್ತುತ್ತಾ ಹೋಗಬೇಕು. ಕೊನೆಯಲ್ಲಿ ಉಗುರಿನಿಂದ ಹಿಡಿದುಕೊಂಡು, ನೇರ ಮಾಡಿ ಅಳೆಯಬೇಕು. ನನಗೆ 7.5 ಸೆಂ.ಮೀ. ಬಂತು. 2.5 ಸೆಂ.ಮೀ.ನ ಪಟ್ಟಿ ಅದರಲ್ಲಿ ಮೂರು ಸಲ. ಅಂದರೆ 3 ಕಿಲೋಮೀಟರ್. ದಾರ 1 ಮಿ.ಮೀ. ಜಾರಿದರೂ ನೆಲದ ಮೇಲೆ 40 ಮೀಟರ್ ವ್ಯತ್ಯಾಸ. ಅದಕ್ಕೇ ಇಂಥ ಉತ್ತರಕ್ಕೆ ‘ಸುಮಾರು’ ಎಂದು ಸೇರಿಸಬೇಕು. ರಸ್ತೆಯ ದೂರ ನೇರ ದೂರಕ್ಕಿಂತ ಕಡಿಮೆ ಬಂದರೆ ಎಲ್ಲೋ ಖಂಡಿತ ತಪ್ಪಿದೆ.

ಮೇಷ್ಟ್ರು ನಮಗೆ ಅಂಕ ಕೊಡಲಿಲ್ಲ. “ಪಟ್ಟಿ ಹಾಳೆಯಲ್ಲೇ ಇತ್ತಲ್ಲ, ಯಾಕೆ ನೋಡಲಿಲ್ಲ?” ಎಂದರು. ಆದರೆ “ಹಂಚುವ ಮುಂಚೆ ನಾನೂ ಅಳೆದು ನೋಡಬೇಕಿತ್ತು” ಎಂದು ತರಗತಿಯ ಎದುರಿಗೇ ಹೇಳಿದರು. ಈಗ ಹೊಸ ಹಾಳೆ ಬಂದರೆ ಮೊದಲು ಅವರೇ ಸ್ಕೇಲು ತೆಗೆಯುತ್ತಾರೆ.

ಕೊನೆಗೊಂದು ಪ್ರಶ್ನೆ. ಒಂದು ಹಾಳೆಯಲ್ಲಿ ‘1 ಸೆಂ.ಮೀ. = 500 ಮೀಟರ್’ ಎಂದು ಬರೆದಿದೆ. ಆದರೆ 1000 ಮೀಟರಿನ ಪಟ್ಟಿ 1.6 ಸೆಂ.ಮೀ. ಇದೆ. ಅಂಚೆ ಕಚೇರಿಗೂ ಬಸ್ ನಿಲ್ದಾಣಕ್ಕೂ ನಡುವೆ 4 ಸೆಂ.ಮೀ. ನಿಜವಾದ ದೂರ ಎಷ್ಟು?

(ಉತ್ತರ: 2500 ಮೀಟರ್. 2000 ಎಂದವರು ಈ ಲೇಖನವನ್ನು ಇನ್ನೊಮ್ಮೆ ಓದಿ!)