ತಾರೀಖಿನ ಲೆಕ್ಕ, ತೂಕದ ಲೆಕ್ಕ

ಹಲವು ತಂತ್ರಗಳನ್ನು ಬೆರೆಸಿ ಕಟ್ಟಿದ ಪೋರ್ಟ್‌ಫೋಲಿಯೊದಲ್ಲಿ ಪ್ರತಿ ತಂತ್ರಕ್ಕೂ ಮೊದಲೇ ಗೊತ್ತುಮಾಡಿದ ಪಾಲು ಇರುತ್ತದೆ. ಒಂದು ಏರಿ ಇನ್ನೊಂದು ಇಳಿದಂತೆ ಆ ಪಾಲುಗಳು ತಾವಾಗಿಯೇ ಸರಿದುಹೋಗುವುದರಿಂದ, ಹೆಚ್ಚಾದುದನ್ನು ಮಾರಿ ಕಡಿಮೆಯಾದುದನ್ನು ಕೊಂಡು ಮೂಲ ಅಳತೆಗೆ ತರುವ ಕೆಲಸ ಆಗಾಗ ಬೀಳುತ್ತದೆ. ಈ ಮರುಹೊಂದಾಣಿಕೆಗೆ ಎರಡು ಕ್ರಮಗಳು ರೂಢಿಯಲ್ಲಿವೆ. ಒಂದರಲ್ಲಿ ವರ್ಷಕ್ಕೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ನಿಗದಿಯಾದ ದಿನ ಪಾಲುಗಳನ್ನು ಸರಿಪಡಿಸಲಾಗುತ್ತದೆ. ಇನ್ನೊಂದರಲ್ಲಿ ತಾರೀಖನ್ನು ನೋಡದೆ, ಯಾವುದೇ ಪಾಲು ತನ್ನ ಗುರಿಯಿಂದ ಇಂತಿಷ್ಟು, ಉದಾಹರಣೆಗೆ 5 ಶೇಕಡಾ ಅಂಶ, ಸರಿದಾಗ ಮಾತ್ರ ಕೈಹಾಕಲಾಗುತ್ತದೆ.

ತಾರೀಖಿನ ಕ್ರಮದ ಕುರುಡುತನವನ್ನು 2020ನೆಯ ವರ್ಷ ಚೆನ್ನಾಗಿ ತೋರಿಸುತ್ತದೆ. 2019ರ ಡಿಸೆಂಬರ್ 31ರಂದು 12,168ರಲ್ಲಿದ್ದ ನಿಫ್ಟಿ 50 ಸೂಚ್ಯಂಕವು 2020ರ ಮಾರ್ಚ್ 23ರಂದು 7,610ಕ್ಕೆ ಕುಸಿದು, ವರ್ಷದ ಕೊನೆಗೆ 13,981ಕ್ಕೆ ಏರಿತು. ನಿಫ್ಟಿ ನಿಧಿಯಲ್ಲಿ ಶೇ 60, ಸಾಲಪತ್ರ ನಿಧಿಯಲ್ಲಿ ಶೇ 40 ಇಟ್ಟು, ಡಿಸೆಂಬರ್ 31ರಂದು ಮಾತ್ರ ಲೆಕ್ಕ ನೋಡುವವರಿಗೆ, ಸಾಲಪತ್ರದ ಬೆಲೆ ಬದಲಾಗಲಿಲ್ಲವೆಂದು ಇಟ್ಟುಕೊಂಡರೆ, ಷೇರಿನ ಪಾಲು ಶೇ 63ರ ಆಸುಪಾಸಿಗೆ ಏರಿದ್ದಷ್ಟೇ ಕಾಣುತ್ತಿತ್ತು. ನಡುವೆ ಅದು ಶೇ 48ಕ್ಕೆ ಇಳಿದುಬಂದ ಸಂಗತಿ ಅವರ ಪುಸ್ತಕದಲ್ಲಿ ಎಲ್ಲೂ ದಾಖಲಾಗುತ್ತಿರಲಿಲ್ಲ. 5 ಅಂಶದ ಮಿತಿ ಇಟ್ಟವರು ಮಾರ್ಚ್ 12ರಂದು, ಸೂಚ್ಯಂಕ 9,590ಕ್ಕೆ ಇಳಿದ ದಿನವೇ, ಷೇರು ಕೊಳ್ಳಬೇಕಾಗಿತ್ತು, ಮಾರ್ಚ್ 23ರಂದು ಮತ್ತೊಮ್ಮೆ. ಮೊದಲ ಖರೀದಿಯ ನಂತರವೂ ಬೆಲೆ ಐದನೇ ಒಂದರಷ್ಟು ಇಳಿದದ್ದನ್ನು ನೋಡಿ ಎರಡನೆಯದಕ್ಕೆ ಎಷ್ಟು ಜನರ ಕೈ ಏಳುತ್ತಿತ್ತು ಎಂಬುದು ಬೇರೆ ಮಾತು.

ಇಷ್ಟಕ್ಕೇ ಮಿತಿಯ ಕ್ರಮವೇ ಮೇಲು ಎನ್ನುವಂತಿಲ್ಲ, ಏಕೆಂದರೆ ಆ ಮಿತಿಗೆ ತೂಕ ಗೊತ್ತೇ ಹೊರತು ತೆರಿಗೆಯ ದಿನಗಣನೆ ಗೊತ್ತಿಲ್ಲ. ₹20 ಲಕ್ಷವನ್ನು ನಿಫ್ಟಿ ಸೂಚ್ಯಂಕಕ್ಕೆ 8, ಸಾಲಪತ್ರಕ್ಕೆ 5, ಮೊಮೆಂಟಮ್‌ಗೆ 4, ಚಿನ್ನಕ್ಕೆ 3 ಲಕ್ಷದಂತೆ ಹಂಚಿದ ಕಲ್ಪಿತ ಉದಾಹರಣೆಯೊಂದನ್ನು ತೆಗೆದುಕೊಳ್ಳಬಹುದು. ಮೊಮೆಂಟಮ್ ಎಂದರೆ ಇತ್ತೀಚೆಗೆ ಏರುತ್ತ ಬಂದ ಷೇರುಗಳನ್ನೇ ಹಿಡಿಯುವ ತಂತ್ರ. ಹನ್ನೊಂದು ತಿಂಗಳಲ್ಲಿ ಅದು ಶೇ 50 ಬೆಳೆದು 6 ಲಕ್ಷವಾಗಿ, ಉಳಿದವು ಸಾಧಾರಣವಾಗಿ ಬೆಳೆದು ಒಟ್ಟು ಮೊತ್ತ 23.45 ಲಕ್ಷವಾದರೆ, ಶೇ 20 ಇರಬೇಕಾದ ಮೊಮೆಂಟಮ್ ಪಾಲು ಶೇ 25.6ಕ್ಕೆ ಬಂದಿರುತ್ತದೆ. ಮಿತಿ ದಾಟಿತು, ಗುರಿಗೆ ಮರಳಲು ₹1.31 ಲಕ್ಷದ ಯೂನಿಟ್‌ಗಳನ್ನು ಮಾರಬೇಕು.

ಆ ಮಾರಾಟದಲ್ಲಿ ಮೂರನೇ ಒಂದು ಭಾಗ, ಅಂದರೆ ಸುಮಾರು ₹43,700, ಲಾಭ. ಕೊಂಡು ಹನ್ನೆರಡು ತಿಂಗಳು ತುಂಬದ ಷೇರು ನಿಧಿಯ ಲಾಭಕ್ಕೆ 2024ರ ಜುಲೈ 23ರಿಂದ ಶೇ 20 ತೆರಿಗೆ ಇರುವುದರಿಂದ, ಸೆಸ್ ಬಿಟ್ಟು, ಸುಮಾರು ₹8,700 ಹೋಗುತ್ತದೆ. ಹನ್ನೆರಡು ತಿಂಗಳು ದಾಟಿದ ಮೇಲೆ ಮಾರಿದರೆ ಅದೇ ಲಾಭ ದೀರ್ಘಾವಧಿಯದಾಗಿ, ವರ್ಷಕ್ಕೆ ₹1.25 ಲಕ್ಷದವರೆಗಿನ ವಿನಾಯಿತಿಯೊಳಗೆ ಬಂದು, ಆ ಸಾಲಿನಲ್ಲಿ ಬೇರೆ ಲಾಭವಿಲ್ಲದಿದ್ದರೆ ತೆರಿಗೆಯೇ ಬೀಳುವುದಿಲ್ಲ. ಇದರ ಮುಂದೆ ಯೂನಿಟ್ ಮಾರಾಟದ ವಹಿವಾಟು ತೆರಿಗೆಯಾಗಲಿ, ಹೊಸ ಖರೀದಿಯ ಮುದ್ರಾಂಕ ಶುಲ್ಕವಾಗಲಿ ಕೆಲವೇ ರೂಪಾಯಿಗಳ ಬಾಬ್ತು.

ಹಾಗಾದರೆ ಒಂದು ತಿಂಗಳು ಕಾಯುವುದು ಪುಕ್ಕಟೆಯೇ? ಅಲ್ಲ. ಉಳಿಯುವ ₹8,700ನ್ನು ಹೆಚ್ಚುವರಿಯಾಗಿ ಹಿಡಿದಿಟ್ಟ ₹1.31 ಲಕ್ಷದಿಂದ ಭಾಗಿಸಿದರೆ ಶೇ 6.7 ಬರುತ್ತದೆ, ಆ ತಿಂಗಳಲ್ಲಿ ಮೊಮೆಂಟಮ್ ನಿಧಿ ಉಳಿದ ತಂತ್ರಗಳಿಗಿಂತ ಇದಕ್ಕೂ ಹೆಚ್ಚು ಹಿಂದೆ ಬಿದ್ದರೆ ಕಾದದ್ದೇ ನಷ್ಟ. ವರ್ಷದೊಳಗೆ ಹಣ ತೆಗೆದರೆ ಶೇ 1 ನಿರ್ಗಮನ ಶುಲ್ಕ ಇರುವ ನಿಧಿಯಾದರೆ ಈ ಅಂಕಿ ಶೇ 7.7 ಆಗುತ್ತದೆ. ಜೋರಾಗಿ ಏರಿದ ಮೊಮೆಂಟಮ್‌ಗೆ ಒಂದೇ ತಿಂಗಳಲ್ಲಿ ಇಷ್ಟು ಜಾರುವುದು ಅಪರೂಪವೇನಲ್ಲ, ಆದರೆ ಏರುತ್ತಿರುವುದನ್ನು ಬೇಗ ಕತ್ತರಿಸಿದಷ್ಟೂ ಆ ತಂತ್ರವನ್ನು ಸೇರಿಸಿಕೊಂಡ ಕಾರಣವೇ ಸವೆಯುತ್ತದೆ. ಆದ್ದರಿಂದ ಗಡುವು ಕೆಲವೇ ವಾರಗಳಲ್ಲಿದ್ದರೆ ಕಾಯುವುದು, ಆರು ತಿಂಗಳ ಆಚೆಗಿದ್ದರೆ ತೆರಿಗೆ ಕೊಟ್ಟು ಮಾರುವುದು ಹೆಚ್ಚು ವಿವೇಕದ ದಾರಿ.

ಎಷ್ಟು ಮಾರಬೇಕೆಂಬುದು ಯಾವಾಗ ಎಂಬುದಕ್ಕಿಂತ ಕಡಿಮೆ ಚರ್ಚೆಯಾಗುವ ವಿಷಯ. ವೆಚ್ಚವು ಮಾರಾಟದ ಮೊತ್ತಕ್ಕೆ ಅನುಪಾತದಲ್ಲಿದ್ದಾಗ ಗುರಿಯವರೆಗೆ ಹೋಗದೆ ಮಿತಿಯ ಅಂಚಿಗಷ್ಟೇ ತಂದು ನಿಲ್ಲಿಸುವುದು ಲಾಭಕರವೆಂದು ಡೇವಿಸ್ ಮತ್ತು ನಾರ್ಮನ್ 1990ರಲ್ಲಿ ಗಣಿತದಿಂದ ತೋರಿಸಿದರು. ಮೇಲಿನ ಲೆಕ್ಕದಲ್ಲಿ ಅಂಚಾದ ಶೇ 25ಕ್ಕೆ ತರಲು ₹13,750 ಮಾರಿದರೆ ಸಾಕು. ಹನ್ನೊಂದನೇ ತಿಂಗಳಲ್ಲೇ ಮಾರಿದರೂ ತೆರಿಗೆ ₹920 ಮೀರದು. ಪಾಲು ಮಾತ್ರ ಅಂಚಿನಲ್ಲೇ ನಿಂತಿರುವುದರಿಂದ ಮರುವಾರವೇ ಮತ್ತೆ ದಾಟಬಹುದು, ಮತ್ತೆ ಮಾರಬೇಕಾಗಬಹುದು. ಪ್ರತಿ ಮಾರಾಟವೂ ತೆರಿಗೆ ವಿವರಣಾ ಪತ್ರದಲ್ಲಿ ಲೆಕ್ಕ ಕೊಡಬೇಕಾದ ವ್ಯವಹಾರವಾದ್ದರಿಂದ, ಈ ಕಿರಿಕಿರಿ ಬೇಡವೆನ್ನುವವರು ಅಂಚಿಗೂ ಗುರಿಗೂ ನಡುವೆ ನಿಲ್ಲಿಸುತ್ತಾರೆ.