ಹೊಸ ಶೆಲ್ ಹಾಕಿದರೂ ಮಂಕಾದ ಲಾಟೀನು

ಮಳೆಗಾಲದಲ್ಲಿ ಕರೆಂಟು ಹೋದಾಗ ಅಟ್ಟದಿಂದ ಇಳಿಸಿದ ನಮ್ಮ ಎಲ್‌ಇಡಿ ಲಾಟೀನು, ಮೂರು ಹೊಸ ಶೆಲ್ ಹಾಕಿದ ಮೇಲೂ ಮಿಣುಕುತ್ತಿತ್ತು. ಅಂಗೈಯಿಂದ ತಟ್ಟಿದರೆ ಒಂದು ಕ್ಷಣ ಚೆನ್ನಾಗಿ ಬೆಳಗಿ ಮತ್ತೆ ಮಂಕಾಗುತ್ತಿತ್ತು. ಹಾಗೆ ಬೆಳಗಿತೆಂದರೆ ಎಲ್‌ಇಡಿ ಕೆಟ್ಟಿಲ್ಲ, ಶೆಲ್ಲಿನಿಂದ ಅಲ್ಲಿಗೆ ಹೋಗುವ ದಾರಿ ಕೆಟ್ಟಿದೆ.

ಬಿಳಿ ಎಲ್‌ಇಡಿ ಉರಿಯಲು ಸುಮಾರು 3 ವೋಲ್ಟ್ ಬೇಕು. ಹಳೆಯ ತಂತಿ ಬಲ್ಬು ಅರ್ಧ ವೋಲ್ಟ್ ಕಡಿಮೆಯಾದರೆ ಕೆಂಪಗಾದರೂ ಉರಿಯುತ್ತಿತ್ತು. ಎಲ್‌ಇಡಿ ಹಾಗಲ್ಲ, 3ರ ಆಸುಪಾಸಿಗೆ ಇಳಿದರೆ ಬೆಳಕು ಥಟ್ಟನೆ ಬಿದ್ದುಹೋಗುತ್ತದೆ. ಲಾಟೀನು ಹಚ್ಚಿಟ್ಟೇ ಮಲ್ಟಿಮೀಟರ್ ಹಿಡಿದೆ. ಶೆಲ್‌ಗಳಲ್ಲಿ 4.5 ವೋಲ್ಟ್ ಇತ್ತು, ಎಲ್‌ಇಡಿ ಹಲಗೆಗೆ ತಲುಪುತ್ತಿದ್ದದ್ದು 3.1 ಮಾತ್ರ. ಶೆಲ್ಲಿಗೂ ಸ್ಪ್ರಿಂಗಿನ ವೈರಿಗೂ ನಡುವೆ 0.8, ಸ್ವಿಚ್ಚಿನ ಎರಡು ಕಾಲುಗಳ ನಡುವೆ 0.6 ಸೋರುತ್ತಿತ್ತು. ಸರಿಯಿದ್ದರೆ ಎರಡೂ ಕಡೆ ಹೆಚ್ಚುಕಡಿಮೆ ಸೊನ್ನೆ ಬರಬೇಕು.

ಮೊದಲು ಸ್ಪ್ರಿಂಗ್. ಸೋರಿದ್ದು ಯಾವ ಶೆಲ್ ಎಂದು ನೋಡಿಕೊಳ್ಳಬೇಕು. ಆಲ್ಕಲೈನ್ ಶೆಲ್ ಉಗುಳುವುದು ಕ್ಷಾರ. ಅದರ ಬಿಳಿ ಹುಡಿಗೆ ವಿನೆಗರ್ ಇಲ್ಲವೇ ನಿಂಬೆರಸ ಅದ್ದಿದ ಹತ್ತಿಕಡ್ಡಿ ಸಾಕು, ಬುರುಬುರು ನೊರೆ ಬಂದು ಕರಗುತ್ತದೆ. ಅಂಗಡಿಯ ಸಾಮಾನ್ಯ ಅಗ್ಗದ ಶೆಲ್ಲಿನೊಳಗೆ ಇರುವುದು ನವಸಾಗರ ಅಥವಾ ಸತುವಿನ ಕ್ಲೋರೈಡ್. ಅದು ಆಮ್ಲದ ಗುಣದ್ದು, ಅದಕ್ಕೆ ಅಡುಗೆ ಸೋಡಾ ಕಲಸಿದ ನೀರೇ ಸರಿ. ಎರಡಕ್ಕೂ ಕೈಗವಸು ಹಾಕಿ, ಹುಡಿ ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಉಳಿದ ಕಿಲುಬನ್ನು ನಯವಾದ ಸ್ಯಾಂಡ್ ಪೇಪರಿನಿಂದ, ಶೆಲ್ ತಾಗುವ ತುದಿಯಲ್ಲಷ್ಟೇ ಹಗುರಾಗಿ ಉಜ್ಜಬೇಕು. ಸ್ಪ್ರಿಂಗಿಗೆ ಇರುವುದು ತೆಳು ನಿಕ್ಕಲ್ ಲೇಪ. ಅದು ಹೋದರೆ ಒಳಗಿನ ಉಕ್ಕು ಮುಂದಿನ ಮಳೆಗೇ ತುಕ್ಕು ಹಿಡಿಯುತ್ತದೆ. ಕಪ್ಪಗಾಗಿ ಮುಟ್ಟಿದರೆ ಉದುರುವ ಸ್ಪ್ರಿಂಗನ್ನು ಉಜ್ಜುತ್ತ ಕೂರಬೇಡಿ, ಬೇರೆಯದನ್ನೇ ಹಾಕಿ.

ಸ್ಪ್ರಿಂಗ್ ಶುದ್ಧವಾದ ಮೇಲೆ ಬೆಳಕು ಹೆಚ್ಚಿತು, ಆದರೆ ಸ್ವಿಚ್ಚಿನ ಸೋರಿಕೆ 0.6ರಿಂದ 0.8ಕ್ಕೆ ಏರಿತು. ಗಾಬರಿಯಾಗಬೇಕಿಲ್ಲ: ಈಗ ಹೆಚ್ಚು ಕರೆಂಟು ಹರಿಯುತ್ತಿರುವುದರಿಂದ ಅದೇ ತಡೆಯಲ್ಲಿ ಹೆಚ್ಚು ವೋಲ್ಟ್ ನಷ್ಟವಾಗುತ್ತಿದೆ. ಮೀಟರ್ ಇಲ್ಲದವರು ಸ್ವಿಚ್ಚಿನ ಎರಡು ಕಾಲುಗಳಿಗೆ ತುಂಡು ವೈರ್ ತಾಗಿಸಿ ನೋಡಬಹುದು. ಬೆಳಕು ಜಿಗ್ಗನೆ ಏರಿದರೆ ದೋಷ ಸ್ವಿಚ್ಚಿನದೇ. ಮನೆಯ ಕರೆಂಟಿಗೆ ಚುಚ್ಚಿ ಚಾರ್ಜ್ ಮಾಡುವ ಲಾಟೀನಿಗೆ ಈ ಪರೀಕ್ಷೆ ಬೇಡ.

ಸ್ವಿಚ್ಚಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಸಲ ಸಿಂಪಡಿಸಿ, ಇಪ್ಪತ್ತು ಮೂವತ್ತು ಸಲ ಅತ್ತಿತ್ತ ಸರಿಸಿದೆ. ಮೂರು ದಿನ ಚೆನ್ನಾಗಿತ್ತು, ನಾಲ್ಕನೆಯ ದಿನ ಮತ್ತೆ ಮಂಕು. ಒಳಗಿನ ಹಿತ್ತಾಳೆ ಪಟ್ಟಿಯ ಬಿಗಿಯೇ ಸಡಿಲವಾಗಿದ್ದರೆ ತೊಳೆದು ಫಲವಿಲ್ಲ. ಅದೇ ಅಳತೆಯ ಹೊಸ ಸ್ವಿಚ್ ತಂದು ಬೆಸುಗೆ ಹಾಕಿದೆ. ಒಂದೊಂದು ಕಾಲಿಗೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಬಿಸಿ ತಾಗಿಸಿದರೆ ಒಳಗಿನ ಪ್ಲಾಸ್ಟಿಕ್ ಕರಗಿ ಹೊಸ ಸ್ವಿಚ್ಚೂ ಹಾಳು. ಮುಗಿಸಿ ಅಳೆದಾಗ ಹಲಗೆಗೆ 4.4 ವೋಲ್ಟ್ ಬರುತ್ತಿತ್ತು. ಮಳೆಗಾಲ ಮುಗಿದು ಲಾಟೀನನ್ನು ಅಟ್ಟಕ್ಕೆ ಹತ್ತಿಸುವಾಗ ಈ ಸಲ ಶೆಲ್‌ಗಳನ್ನು ತೆಗೆದಿಟ್ಟೆ.