ಬೆನ್ನ ಹಿಂದಿನ ಕ್ಯಾಮೆರಾ ಗೋಡೆಗೆ ಸಿಕ್ಕಾಗ

ಆಟದ ನಾಯಕಿ ಕಲ್ಲುಕಂಬಗಳ ಮಂಟಪವೊಂದರೊಳಗೆ ಓಡುತ್ತಿದ್ದಾಳೆ. ಆಡುವವರಿಗೆ ಕಾಣುವುದು ಅವಳ ಬೆನ್ನು, ಭುಜ ಮತ್ತು ಮುಂದಿನ ದಾರಿ. ಕ್ಯಾಮೆರಾ ಅವಳಿಂದ 3 ಮೀಟರ್ ಹಿಂದೆ ಇದೆ. ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತಳು ಎನ್ನಿ, ಗೋಡೆ ಇರುವುದು ಬರೀ 120 ಸೆಂ.ಮೀ. ಹಿಂದೆ. ಕ್ಯಾಮೆರಾ ತನ್ನ ಜಾಗ ಬಿಡದಿದ್ದರೆ ಗೋಡೆಯ ಆಚೆ ಉಳಿಯುತ್ತದೆ, ನಾಯಕಿ ಕಾಣುವುದೇ ಇಲ್ಲ. ತಟ್ಟನೆ ಮುಂದಕ್ಕೆ ಬಂದರೆ ಇಡೀ ದೃಶ್ಯ ಕಣ್ಣಿಗೆ ಬಡಿದಂತೆ ಜಿಗಿಯುತ್ತದೆ. ಥರ್ಡ್ ಪರ್ಸನ್ ಆಟ ಮಾಡುವವರು ಹೆಚ್ಚು ತಲೆಕೆಡಿಸಿಕೊಳ್ಳುವ ಸಂಗತಿಗಳಲ್ಲಿ ಈ ಜಿಗಿತವೂ ಒಂದು. ಚೆನ್ನಾಗಿ ಬಗೆಹರಿಸಿದ್ದರೆ ಆಡುವವರಿಗೆ ಅದರ ಸುಳಿವೂ ಸಿಗುವುದಿಲ್ಲ.

ಇದಕ್ಕೆ ಬಳಕೆಯಲ್ಲಿರುವ ಸಲಕರಣೆಯ ಹೆಸರು ಸ್ಪ್ರಿಂಗ್ ಆರ್ಮ್. ಅನ್‌ರಿಯಲ್ ಎಂಜಿನ್, ಗೋಡೋ ಎರಡರಲ್ಲೂ ಇದು ಸಿದ್ಧವಾಗಿಯೇ ಸಿಗುತ್ತದೆ. ನಾಯಕಿಯ ಬೆನ್ನಿಗೆ ಕಟ್ಟಿದ, ಕಣ್ಣಿಗೆ ಕಾಣದ ಸೆಲ್ಫಿ ಕೋಲು ಎಂದುಕೊಂಡರೆ ಸಾಕು. ಅನ್‌ರಿಯಲ್‌ನಲ್ಲಿ ಅದರ ಉದ್ದ ಮೊದಲಿಗೆ 300 ಸೆಂ.ಮೀ. ಇರುತ್ತದೆ. ಪ್ರತಿ ಫ್ರೇಮಿನಲ್ಲೂ ಎಂಜಿನ್ 12 ಸೆಂ.ಮೀ. ತ್ರಿಜ್ಯದ ಒಂದು ಚೆಂಡನ್ನು ನಾಯಕಿಯಿಂದ ಕ್ಯಾಮೆರಾದ ಜಾಗದವರೆಗೆ ಉರುಳಿಸಿ ನೋಡುತ್ತದೆ. ಚೆಂಡು ಎಲ್ಲಿ ತಡೆಯಿತೋ ಕ್ಯಾಮೆರಾ ಅಲ್ಲಿಗೆ ಬಂದು ನಿಲ್ಲುತ್ತದೆ. ಗೋಡೆ 120 ಸೆಂ.ಮೀ. ದೂರದಲ್ಲಿದ್ದರೆ ಚೆಂಡಿನ ನಡುಬಿಂದು 108ರಲ್ಲಿ ನಿಲ್ಲುತ್ತದೆ.

ಸುಮ್ಮನೆ ಒಂದು ಗೆರೆ ಎಳೆದು ನೋಡಿದರೆ ಸಾಲದೇ, ಚೆಂಡೇ ಏಕೆ ಬೇಕು? ಕ್ಯಾಮೆರಾದ ಮುಂದೆ 10 ಸೆಂ.ಮೀ. ದೂರದಲ್ಲಿ ಒಂದು ಕಾಣದ ಚೌಕಟ್ಟು ಇರುತ್ತದೆ. ಅದಕ್ಕಿಂತ ಹತ್ತಿರ ಇರುವ ಯಾವುದನ್ನೂ ಎಂಜಿನ್ ಚಿತ್ರಿಸುವುದಿಲ್ಲ. ಆ ಚೌಕಟ್ಟಿನ ಮೂಲೆ ಗೋಡೆಯೊಳಗೆ ಹೊಕ್ಕರೆ ಗೋಡೆ ಕತ್ತರಿಸಿದಂತಾಗಿ ಆಚೆಯ ಟೊಳ್ಳು ಕಾಣುತ್ತದೆ. ನೋಟದ ಅಗಲ 90 ಡಿಗ್ರಿ, ಪರದೆಯ ಅಳತೆ 16:9 ಆಗಿದ್ದರೆ ಆ ಮೂಲೆ ನೋಟದ ನಡುಗೆರೆಯಿಂದ ಸುಮಾರು 11.5 ಸೆಂ.ಮೀ. ಬದಿಗಿರುತ್ತದೆ. ಹಾಗಾಗಿ 12ರ ಚೆಂಡು ಅದನ್ನು ಒಂದಿಷ್ಟೇ ಅಂತರದಲ್ಲಿ ಕಾಪಾಡುತ್ತದೆ. ಓಡುವಾಗ ವೇಗದ ಭಾವ ಬರಲೆಂದು ನೋಟವನ್ನು 100 ಡಿಗ್ರಿಗೆ ಹಿಗ್ಗಿಸಿದರೆ ಮೂಲೆ 13.7ಕ್ಕೆ ಸರಿಯುತ್ತದೆ, ಕಂಬದ ಪಕ್ಕದಲ್ಲಿ ಹಾಯುವಾಗ ಕಂಬ ಸೀಳಿದಂತೆ ಕಾಣತೊಡಗುತ್ತದೆ. ಓಡುವಾಗ ಮಾತ್ರ ಹೀಗಾಗುತ್ತಿದ್ದರೆ ಬೇರೆಲ್ಲೂ ಹುಡುಕಬೇಕಿಲ್ಲ, ಚೆಂಡನ್ನು 15ಕ್ಕೆ ಏರಿಸಿದರೆ ಆಯಿತು.

ಇನ್ನು ಜಿಗಿತದ ಮಾತು. ಹೆಸರಿನಲ್ಲಿ ಸ್ಪ್ರಿಂಗ್ ಇದ್ದರೂ ಅನ್‌ರಿಯಲ್‌ನ ಸ್ಪ್ರಿಂಗ್ ಆರ್ಮ್ ಗೋಡೆಯ ವಿಷಯದಲ್ಲಿ ಕಿಂಚಿತ್ತೂ ಬಳುಕುವುದಿಲ್ಲ. ಚೆಂಡು ತಡೆದರೆ ತಡೆದ ಜಾಗಕ್ಕೆ, ತಡೆಯದಿದ್ದರೆ ಪೂರಾ ಉದ್ದಕ್ಕೆ, ಎರಡೂ ಒಂದೇ ಫ್ರೇಮಿನಲ್ಲಿ. ಅಂದರೆ ಸೆಕೆಂಡಿನ ಅರವತ್ತನೆಯ ಒಂದು ಭಾಗದಲ್ಲಿ ಕ್ಯಾಮೆರಾ 192 ಸೆಂ.ಮೀ. ಹಾರಿಬಿಡುತ್ತದೆ. ಹೊಸಬರು ಇದನ್ನು ನೋಡಿದೊಡನೆ ಕ್ಯಾಮೆರಾ ಲ್ಯಾಗ್ ಎಂಬ ಆಯ್ಕೆಗೆ ಟಿಕ್ ಹಾಕುತ್ತಾರೆ. ಅದರಿಂದ ಏನೂ ಆಗದು. ಲ್ಯಾಗ್ ಮೆದುವಾಗಿಸುವುದು ನಾಯಕಿಯನ್ನು ಹಿಂಬಾಲಿಸುವ ಚಲನೆಯನ್ನು. ಗೋಡೆಯ ತಪಾಸಣೆ ನಡೆಯುವುದು ಅದಾದ ಮೇಲೆ, ಅದರ ಉತ್ತರ ಹಾಗೆಯೇ ಜಾರಿಗೆ ಬರುತ್ತದೆ.

ಪರಿಹಾರದ ಮೊದಲ ಹೆಜ್ಜೆ ಎಂದರೆ ಒಳಕ್ಕೆ ಬರುವುದಕ್ಕೂ ಹೊರಕ್ಕೆ ಹೋಗುವುದಕ್ಕೂ ಬೇರೆ ಬೇರೆ ನಿಯಮ ಇಡುವುದು. ಒಳಕ್ಕೆ ಬರುವುದನ್ನು ತಡಮಾಡುವ ಹಾಗಿಲ್ಲ, ತಡಮಾಡಿದಷ್ಟೂ ಹೊತ್ತು ಕ್ಯಾಮೆರಾ ಗೋಡೆಯೊಳಗೇ ಇರುತ್ತದೆ. ಹೊರಕ್ಕೆ ಹೋಗಲು ಮಾತ್ರ ಯಾವ ಅವಸರವೂ ಇಲ್ಲ. ಯುನಿಟಿಯ ಸಿನಿಮಷೀನ್‌ನಲ್ಲೂ ಈ ಎರಡಕ್ಕೆ ಎರಡು ಪ್ರತ್ಯೇಕ ಸೆಟ್ಟಿಂಗ್ ಇರುವುದು ಇದೇ ಕಾರಣಕ್ಕೆ.

ಇಲ್ಲಿ ಮೆದುಗೊಳಿಸಬೇಕಾದದ್ದು ಕೋಲಿನ ಉದ್ದವನ್ನೇ ಹೊರತು ಕ್ಯಾಮೆರಾ ಇರುವ ಬಿಂದುವನ್ನಲ್ಲ. ನಾಯಕಿಯಿಂದ ಚೆಂಡು ತಡೆದ ಜಾಗದವರೆಗಿನ ಗೆರೆಯಲ್ಲಿ ಅಡ್ಡಿಯಿಲ್ಲ ಎಂಬುದು ಆಗಲೇ ಖಚಿತವಾಗಿದೆ. ಉದ್ದ ಅದರೊಳಗೆ ಎಷ್ಟೇ ಇರಲಿ, ಕ್ಯಾಮೆರಾಗೆ ಅಪಾಯವಿಲ್ಲ. ಬಿಂದುವನ್ನೇ ಹಳೆಯ ಜಾಗದಿಂದ ಹೊಸ ಜಾಗಕ್ಕೆ ನಿಧಾನವಾಗಿ ಸರಿಸಿದರೆ ಅದು ಆ ಗೆರೆ ಬಿಟ್ಟು ಗೋಡೆಯ ಮೂಲೆಯನ್ನು ಅಡ್ಡ ಹಾಯ್ದು ಹೋಗಬಹುದು.

ಸರಿಸುವ ಪ್ರಮಾಣವನ್ನು ಫ್ರೇಮಿನ ಲೆಕ್ಕದಲ್ಲಿ ಇಡಬಾರದು. ಪ್ರತಿ ಫ್ರೇಮಿಗೆ ಉಳಿದ ದೂರದ ಹತ್ತನೇ ಒಂದು ಭಾಗ ಎಂದು ಬರೆದರೆ, ಸೆಕೆಂಡಿಗೆ 60 ಫ್ರೇಮ್ ಓಡುವ ಯಂತ್ರದಲ್ಲಿ ಅರ್ಧ ಸೆಕೆಂಡಿನ ನಂತರ ಶೇ. 4ರಷ್ಟು ದೂರ ಉಳಿದಿರುತ್ತದೆ. 30 ಫ್ರೇಮಿನ ಹಳೆಯ ಯಂತ್ರದಲ್ಲಿ ಶೇ. 20ಕ್ಕೂ ಹೆಚ್ಚು ಉಳಿಯುತ್ತದೆ. ಅದೇ ಆಟ, ಆದರೆ ಕ್ಯಾಮೆರಾ ಬೇರೆ. ಸಮಯವನ್ನೇ ಲೆಕ್ಕಕ್ಕೆ ತಂದರೆ ಈ ವ್ಯತ್ಯಾಸ ಇರುವುದಿಲ್ಲ. ಇದಿಷ್ಟನ್ನೂ ಕೆಲವೇ ಸಾಲುಗಳಲ್ಲಿ ಹೀಗೆ ಬರೆಯಬಹುದು:

```
if (centerHit < current)
    current = centerHit;
else {
    k = (target < current) ? 20 : 4;
    current += (target - current) * (1 - exp(-k * dt));
}
```

`current` ಎಂದರೆ ಕೋಲಿನ ಈಗಿನ ಉದ್ದ, `centerHit` ಎಂದರೆ ಚೆಂಡು ತಡೆದ ದೂರ, ತಡೆಯದಿದ್ದರೆ 300. `dt` ಎಂದರೆ ಹಿಂದಿನ ಫ್ರೇಮಿನಿಂದ ಕಳೆದ ಸಮಯ. ನಾಯಕಿ ಗೋಡೆಯ ಬಳಿಯಿಂದ ಬಯಲಿಗೆ ಬಂದಾಗ 4ರ ಲೆಕ್ಕದಲ್ಲಿ ಕ್ಯಾಮೆರಾ 108ರಿಂದ ಅರ್ಧ ಸೆಕೆಂಡಿಗೆ 274 ತಲುಪುತ್ತದೆ, ಒಂದು ಸೆಕೆಂಡಿಗೆ ಹೆಚ್ಚೂಕಡಿಮೆ ಪೂರಾ ಹಿಂದೆ ಹೋಗಿರುತ್ತದೆ. ಆಡುವವರ ಕಣ್ಣಿಗೆ ಅದು ಸಹಜವಾಗಿ ಕಾಣುತ್ತದೆ.

ಒಳಕ್ಕೆ ಬರುವ ಜಿಗಿತ ಮಾತ್ರ ಇನ್ನೂ ಹಾಗೇ ಇದೆ. ತಡಮಾಡುವಂತಿಲ್ಲವಾದರೆ ಮೊದಲೇ ಹೊರಡಬೇಕು, ಬೇರೆ ದಾರಿಯಿಲ್ಲ. ಅದಕ್ಕಾಗಿ ನಡುವಿನ ಚೆಂಡಿನ ಜೊತೆಗೆ ಎಡಕ್ಕೂ ಬಲಕ್ಕೂ 5 ಡಿಗ್ರಿಗೊಂದರಂತೆ 30 ಡಿಗ್ರಿಯವರೆಗೆ ಅಂಥದ್ದೇ ಚೆಂಡುಗಳನ್ನು ಉರುಳಿಸುತ್ತಾರೆ. ಬದಿಯ ಚೆಂಡು ಏನನ್ನಾದರೂ ತಾಗಿದರೆ ಅದರ ಮಾತಿಗೆ ಕೋನದ ಪ್ರಕಾರ ತೂಕ ಕೊಡಬೇಕು. 30 ಡಿಗ್ರಿಯಲ್ಲಿ ತೂಕ ಸೊನ್ನೆ, ನಡುವಿನಲ್ಲಿ ಪೂರ್ತಿ. ಹೀಗೆ ಬರುವ ಉದ್ದಗಳಲ್ಲಿ ಅತಿ ಕಡಿಮೆಯದೇ ಮೇಲಿನ `target`. 15 ಡಿಗ್ರಿ ಬದಿಯಲ್ಲಿ, ನಾಯಕಿಯಿಂದ 120 ಸೆಂ.ಮೀ. ದೂರದಲ್ಲಿ ಕಂಬವಿದ್ದರೆ 192ರ ಅರ್ಧ ಕಳೆದು `target` 204 ಆಗುತ್ತದೆ. ಆಡುವವರು ಕ್ಯಾಮೆರಾವನ್ನು ಸೆಕೆಂಡಿಗೆ 120 ಡಿಗ್ರಿಯಂತೆ ತಿರುಗಿಸುತ್ತಿದ್ದಾರೆ ಎನ್ನೋಣ. ಆಗ ಕಂಬ ಅಡ್ಡ ಬರುವ ಕಾಲು ಸೆಕೆಂಡ್ ಮೊದಲೇ ಸೂಚನೆ ಸಿಗುತ್ತದೆ, ಕ್ಯಾಮೆರಾ 20ರ ವೇಗದಲ್ಲಿ ಒಳಕ್ಕೆ ಜಾರತೊಡಗುತ್ತದೆ. ಕಂಬ ಅಡ್ಡ ಬಂದ ಕ್ಷಣದಲ್ಲಿ ಹಾರಬೇಕಾದ ದೂರ 60 ಸೆಂ.ಮೀ. ಆಸುಪಾಸಿಗೆ ಇಳಿದಿರುತ್ತದೆ. ನಿಧಾನವಾಗಿ ತಿರುಗಿಸಿದರೆ ಇನ್ನೂ ಕಡಿಮೆ.

ಇದೂ ಎಲ್ಲ ಕಡೆ ನಡೆಯುವುದಿಲ್ಲ. ಹಿಂದೆ ಬಾಗಿಲು ಧಡಕ್ಕನೆ ಮುಚ್ಚಿಕೊಂಡರೆ ಬದಿಯ ಚೆಂಡುಗಳಿಗೆ ಮುನ್ಸೂಚನೆ ಇರದು, ಅಲ್ಲಿ ಜಿಗಿತವನ್ನು ಒಪ್ಪಿಕೊಳ್ಳಬೇಕು. ಸಣ್ಣ ಕಂಬಗಳ ಸಾಲಿನಲ್ಲಂತೂ ಕ್ಯಾಮೆರಾ ಒಳಗೆ ಹೊರಗೆ ಉಸಿರಾಡಿದಂತೆ ಓಲಾಡುತ್ತದೆ. ಅಡ್ಡಿ ಹೋದ ಮೇಲೂ ಕಾಲು ಸೆಕೆಂಡ್ ಕಾದು ಹೊರಡಿಸಿದರೆ ಓಲಾಟ ತಗ್ಗುತ್ತದೆ. ನನ್ನ ಅಭಿಪ್ರಾಯದಲ್ಲಿ ಬಳ್ಳಿ, ದೀಪದ ಕಂಬ, ಕಟಕಟೆಗಳಂಥ ತೆಳು ವಸ್ತುಗಳಿಗೆ ಕ್ಯಾಮೆರಾ ಸರಿಯುವುದೇ ಬೇಡ. ಅವನ್ನು ತಪಾಸಣೆಯಿಂದ ಹೊರಗಿಟ್ಟು, ಅಡ್ಡ ಬಂದಾಗ ಅರೆಪಾರದರ್ಶಕ ಮಾಡುವುದೇ ಮೇಲು. ಕೋಲು 60 ಸೆಂ.ಮೀ.ಗಿಂತ ಚಿಕ್ಕದಾಗುವ ಇಕ್ಕಟ್ಟಿನಲ್ಲಿ ನಾಯಕಿಯ ದೇಹಕ್ಕೂ ಅದೇ ಉಪಾಯ, ಇಲ್ಲವಾದರೆ ಅವಳ ತಲೆಯೇ ಪರದೆ ತುಂಬುತ್ತದೆ.

ಪರೀಕ್ಷಿಸುವಾಗ ಅನ್‌ರಿಯಲ್‌ನಲ್ಲಿ `t.MaxFPS 30` ಎಂಬ ಆದೇಶ ಕೊಟ್ಟು ಒಮ್ಮೆ, 60 ಕೊಟ್ಟು ಒಮ್ಮೆ ಅದೇ ಕಂಬದ ಸುತ್ತ ತಿರುಗಿ ನೋಡಬೇಕು. ಎರಡರಲ್ಲೂ ಕ್ಯಾಮೆರಾ ಹಿಂದೆ ಹೋಗಲು ಅಷ್ಟೇ ಹೊತ್ತು ಹಿಡಿಯಬೇಕು. `slomo 0.2` ಕೊಟ್ಟರೆ ಆಟ ಐದು ಪಟ್ಟು ನಿಧಾನವಾಗಿ, ಜಿಗಿತ ಒಳಕ್ಕೆ ಬರುವಾಗ ಆಗುತ್ತಿದೆಯೋ ಹೊರಕ್ಕೆ ಹೋಗುವಾಗಲೋ ಎಂಬುದು ಬರಿಗಣ್ಣಿಗೇ ಕಾಣುತ್ತದೆ.